"ಅಣ್ಣ ಹೇಳಿದ್ದು, ಪಕ್ಕಾ ಸುದ್ದಿ": ಈ ಮಾತು ಯಾವಾಗ ಅಪರಾಧ ಆಗ್ತದೆ?

1/6

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮನೆಗೊಬ್ಬರಾದರೂ ಬೆಂಗಳೂರಿನ ಕಂಪೆನಿಯಲ್ಲಿ ಇದ್ದೇ ಇರ್ತಾರೆ. ಅಕ್ಕ, ಅಣ್ಣ, ಭಾವ, ಚಿಕ್ಕಪ್ಪನ ಮಗ, ಯಾರಾದರೂ ಒಬ್ಬರು. ಈಗ ನಮ್ಮ ಕೈಯಲ್ಲೂ ಡಿಮ್ಯಾಟ್ ಖಾತೆ ಉಂಟು. ಹಾಗಾಗಿ ಊಟದ ಹೊತ್ತಿಗೆ ಕ್ಲಾಸಲ್ಲಿ ಒಂದು ಮಾತು ಆಗಾಗ ಕೇಳಿಸ್ತದೆ: "ನಮ್ಮ ಅಣ್ಣ ಹೇಳಿದ ಮಾರಾಯ, ಅವನ ಕಂಪೆನಿಗೆ ದೊಡ್ಡ ಡೀಲ್ ಸಿಕ್ಕಿದೆಯಂತೆ, ನಾಡಿದ್ದು ಅನೌನ್ಸ್ ಮಾಡ್ತಾರಂತೆ, ಹತ್ತು ಷೇರು ತಗೊಂಡಿಡು."

ಹೇಳಿದವನಿಗೆ ಇದು ಸಹಾಯ, ಕೇಳಿದವನಿಗೆ ಅದೃಷ್ಟ. ಕಾನೂನಿಗೆ ಮಾತ್ರ ಇದು ಇನ್‌ಸೈಡರ್ ಟ್ರೇಡಿಂಗ್ ಆಗಬಹುದು. "ಅದೆಲ್ಲ ಡೈರೆಕ್ಟರ್‌ಗಳಿಗೆ, ಕೋಟಿಗಟ್ಟಲೆ ಇದ್ದವರಿಗೆ, ನಮಗೆಂತ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೆಬಿಯ 2015ರ ನಿಯಮದಲ್ಲಿ ಇನ್‌ಸೈಡರ್ ಅಂದರೆ ಕಂಪೆನಿಯ ಒಳಗೆ ಕೂತವನು ಮಾತ್ರ ಅಲ್ಲ. ಪ್ರಕಟವಾಗದ, ಬೆಲೆ ಅಲುಗಿಸುವ ಮಾಹಿತಿ ಯಾರ ಹತ್ತಿರ ಉಂಟೋ ಅವನೂ ಇನ್‌ಸೈಡರ್. ಕಡಬದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನ್ ಎತ್ತಿದ ಬಿಕಾಂ ಹುಡುಗನೂ ಆ ಸಾಲಿಗೆ ಸೇರ್ತಾನೆ.

ಹಾಗಾಗಿ ನೀವು ಯಾರು ಅನ್ನುವುದಕ್ಕಿಂತ ನಿಮಗೆ ಗೊತ್ತಾದದ್ದು ಎಂಥ ಮಾಹಿತಿ ಅನ್ನುವುದು ಮುಖ್ಯ. ಅದನ್ನು ಯುಪಿಎಸ್‌ಐ ಅಂತ ಕರೀತಾರೆ. ಯಾವುದು ಯುಪಿಎಸ್‌ಐ, ಯಾವುದು ಅಲ್ಲ ಅಂತ ಇವತ್ತು ನೋಡುವ.

2/6

ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಮೊದಲನೆಯದು, ಈ ಮಾಹಿತಿ ಷೇರುಪೇಟೆಯಲ್ಲಿರುವ ಕಂಪೆನಿಗೆ ಅಥವಾ ಅದರ ಷೇರಿಗೆ ಸಂಬಂಧಪಟ್ಟದ್ದಾ? ಎರಡನೆಯದು, ಇದು ಎಲ್ಲರಿಗೂ ಸಮಾನವಾಗಿ ಸಿಗದೇ ಇರುವಂಥದ್ದಾ? ಮೂರನೆಯದು, ನಾಳೆ ಎಲ್ಲರಿಗೂ ಗೊತ್ತಾದರೆ ಬೆಲೆ ಗಣನೀಯವಾಗಿ ಏರುವ ಅಥವಾ ಇಳಿಯುವ ಸಾಧ್ಯತೆ ಉಂಟಾ? ಮೂರಕ್ಕೂ "ಹೌದು" ಬಂದರೆ ಅದು ಯುಪಿಎಸ್‌ಐ. ಒಂದಕ್ಕೆ "ಇಲ್ಲ" ಬಂದರೂ ಅಲ್ಲ.

ಮೊದಲ ಪ್ರಶ್ನೆಗೆ ನಮ್ಮ ಊರಿನದ್ದೇ ಉದಾಹರಣೆ, ಅಡಿಕೆ. ಕ್ಯಾಂಪ್ಕೊ ನಾಳೆ ಹೊಸ ಅಡಿಕೆಗೆ ರೇಟು ಏರಿಸ್ತದೆ ಅಂತ ನಿಮ್ಮ ಮಾವನಿಗೆ ಇವತ್ತೇ ಹೇಗೋ ಗೊತ್ತಾಯಿತು, ಇವತ್ತು ಮಾರಬೇಕಿದ್ದ ಎರಡು ಕ್ವಿಂಟಾಲನ್ನು ಅವರು ನಾಳೆಗೆ ಇಟ್ಟರು ಅಂದುಕೊಳ್ಳಿ. ಸುದ್ದಿ ಗುಟ್ಟಿನದ್ದೇ, ಬೆಲೆಗೆ ಸಂಬಂಧಪಟ್ಟದ್ದೇ. ಆದರೂ ಇನ್‌ಸೈಡರ್ ಟ್ರೇಡಿಂಗ್ ಅಲ್ಲ. ಕ್ಯಾಂಪ್ಕೊ ಸಹಕಾರಿ ಸಂಸ್ಥೆ, ಅದರ ಷೇರು ಪೇಟೆಯಲ್ಲಿ ಮಾರಾಟಕ್ಕಿಲ್ಲ. ಮಾವ ಮಾರಿದ್ದು ಷೇರಲ್ಲ, ಅಡಿಕೆ. ಸುದ್ದಿ ಹೊರಗೆ ಬಿಟ್ಟವರು ಸರಿ ಮಾಡಿದರಾ ಅನ್ನುವುದು ಬೇರೆ ವಿಷಯ, ಆದರೆ ಸೆಬಿಯ ಈ ನಿಯಮ ಅಲ್ಲಿಗೆ ಬರುವುದಿಲ್ಲ.

ನಮಗೆ ಗೊಂದಲ ಆಗುವುದು ಇಲ್ಲೇ ಅಂತ ನನಗೆ ಕಾಣ್ತದೆ. ರೇಟಿನ ಸುದ್ದಿ ಮೊದಲೇ ತಿಳಿದುಕೊಳ್ಳುವುದು ನಮ್ಮಲ್ಲಿ ಜಾಣತನ. ಅದೇ ಅಭ್ಯಾಸವನ್ನು ಷೇರಿಗೆ ತಗೊಂಡು ಹೋದರೆ ಕಾನೂನು ಬೇರೆಯೇ ಆಗ್ತದೆ.

3/6

ಉಳಿದ ಎರಡು ಪ್ರಶ್ನೆಗೆ ಕರ್ಣಾಟಕ ಬ್ಯಾಂಕ್ ನೋಡಿ. ಮಂಗಳೂರಿನಲ್ಲಿ ಕೇಂದ್ರ ಕಚೇರಿ, ಷೇರುಪೇಟೆಯಲ್ಲಿ ಷೇರು. ಇಲ್ಲಿ ಯಾರೂ ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ನಮಗೆ ಗೊತ್ತಿರುವ ಬ್ಯಾಂಕ್ ಅಂತ ಉದಾಹರಣೆಗೆ ತಗೊಂಡದ್ದು ಅಷ್ಟೇ.

2025ರ ಜೂನ್ 29ರ ಭಾನುವಾರ, ತನ್ನ ಎಂಡಿ ರಾಜೀನಾಮೆ ಕೊಟ್ಟಿದ್ದಾರೆ ಅಂತ ಬ್ಯಾಂಕ್ ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಿತು. ಸೋಮವಾರ ಪೇಟೆ ತೆರೆದಾಗ ಷೇರು ಬಿತ್ತು. ಎಂಡಿಯಂಥ ಮುಖ್ಯ ಹುದ್ದೆಯವರು ಅವಧಿಗೆ ಮೊದಲೇ ಬಿಟ್ಟು ಹೋಗುವ ವಿಷಯ ಪ್ರಕಟ ಆಗುವವರೆಗೆ ಯುಪಿಎಸ್‌ಐ. ಪ್ರಕಟ ಆದ ಮೇಲೆ ಅದು ಸುದ್ದಿ, ಓದಿ ಯಾರು ಬೇಕಾದರೂ ಮಾರಬಹುದು. ಒಂದೇ ಮಾಹಿತಿ, ಶುಕ್ರವಾರ ಬಳಸಿದರೆ ಅಪರಾಧ, ಸೋಮವಾರ ಬಳಸಿದರೆ ಸರಿ. ಮೂರು ತಿಂಗಳ ಲಾಭ-ನಷ್ಟದ ಲೆಕ್ಕವೂ ಹೀಗೇ. ಅದಕ್ಕೇ ಪ್ರತಿ ತ್ರೈಮಾಸಿಕ ಮುಗಿದಾಗಿಂದ ಫಲಿತಾಂಶ ಹೊರಬಂದು 48 ಗಂಟೆ ಆಗುವವರೆಗೆ ಒಳಗಿನ ಮುಖ್ಯ ಸಿಬ್ಬಂದಿಗೆ ತಮ್ಮ ಕಂಪೆನಿಯ ಷೇರು ಮುಟ್ಟಲಿಕ್ಕಿಲ್ಲ.

ಈಗ ಉಲ್ಟಾ ನೋಡಿ. ಸುಳ್ಯದ ಯಾವುದೋ ಬ್ಯಾಂಕಿನ ಶಾಖೆ ಮುಂದಿನ ತಿಂಗಳು ಹೊಸ ಕಟ್ಟಡಕ್ಕೆ ಹೋಗ್ತದೆ, ಮ್ಯಾನೇಜರಿಗೆ ಟ್ರಾನ್ಸ್‌ಫರ್ ಆಗಿದೆ. ಇದು ನಿಮಗೆ ಮೊದಲೇ ಗೊತ್ತಾದರೂ ಯುಪಿಎಸ್‌ಐ ಅಲ್ಲ, ಒಂದು ಶಾಖೆ ಜಾಗ ಬದಲಿಸಿದರೆ ಇಡೀ ಬ್ಯಾಂಕಿನ ಷೇರು ಅಲುಗುವುದಿಲ್ಲ. ನೀವೇ ಹತ್ತು ವರ್ಷದ ವಾರ್ಷಿಕ ವರದಿ ಓದಿ "ಈ ಸಲ ಲಾಭ ಕಡಿಮೆ ಆಗಬಹುದು" ಅಂತ ಲೆಕ್ಕ ಹಾಕಿದರೂ ತಪ್ಪಿಲ್ಲ. ಆ ವರದಿ ಎಲ್ಲರಿಗೂ ಸಿಗ್ತದೆ, ತಲೆ ನಿಮ್ಮದು.

ಇನ್ನೊಂದು ಬಲೆ ಉಂಟು. "ವಾಟ್ಸಾಪಲ್ಲಿ ಬಂದಿದೆ, ಟಿವಿಯಲ್ಲೂ ಮೂಲಗಳ ಪ್ರಕಾರ ಅಂತ ಹಾಕಿದ್ದಾರೆ, ಅಂದಮೇಲೆ ಎಲ್ಲರಿಗೂ ಗೊತ್ತಲ್ವಾ?" ಅಂತ ಕೇಳ್ತಾರೆ. ದೃಢಪಡದ ಸುದ್ದಿ ಮಾಧ್ಯಮದಲ್ಲಿ ಬಂದ ಮಾತ್ರಕ್ಕೆ ಅದನ್ನು ಎಲ್ಲರಿಗೂ ಸಿಕ್ಕ ಮಾಹಿತಿ ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅಂತ ನಿಯಮದಲ್ಲೇ ಸೇರಿಸಿದ್ದಾರೆ. ಒಳಗಿನಿಂದ ನಿಜ ಗೊತ್ತಿರುವವನು ಆ ಗಾಳಿಸುದ್ದಿಯನ್ನು ತೋರಿಸಿ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ.

4/6

ಇಷ್ಟರವರೆಗೆ ಸುಲಭ. ಈಗ ಕಷ್ಟದ್ದು. ಅಣ್ಣ ಹೇಳಿದ ಆ "ದೊಡ್ಡ ಡೀಲ್" ಯುಪಿಎಸ್‌ಐ ಹೌದಾ, ಅಲ್ವಾ?

ಇದೇ ಪ್ರಶ್ನೆ ಬೆಂಗಳೂರಿನ ಇನ್ಫೋಸಿಸ್ ವಿಷಯದಲ್ಲಿ ಎದ್ದಿತ್ತು. 2020ರ ಜುಲೈ 14ರಂದು ಅಮೆರಿಕದ ವ್ಯಾನ್‌ಗಾರ್ಡ್ ಜೊತೆಗಿನ ಒಪ್ಪಂದವನ್ನು ಇನ್ಫೋಸಿಸ್ ಪ್ರಕಟಿಸಿತು. ಅಲ್ಲಿನ ನೌಕರರ ನಿವೃತ್ತಿ ಖಾತೆಗಳ ದಾಖಲೆ ನೋಡಿಕೊಳ್ಳುವ ದೊಡ್ಡ ಕೆಲಸ ಅದು. ವ್ಯಾನ್‌ಗಾರ್ಡಿನ ಸುಮಾರು 1,300 ಮಂದಿ ಇನ್ಫೋಸಿಸ್‌ಗೆ ಬರುವವರಿದ್ದರು. ಮರುದಿನ ತ್ರೈಮಾಸಿಕ ಫಲಿತಾಂಶವೂ ಬಂತು. ಷೇರು ಏರಿತು.

2021ರ ಸೆಪ್ಟೆಂಬರ್‌ನಲ್ಲಿ ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸಿತು. ಒಪ್ಪಂದದ ವಿಷಯ ಮೊದಲೇ ತಿಳಿದು ವ್ಯವಹಾರ ಮಾಡಿದ್ದಾರೆ ಅನ್ನುವ ಶಂಕೆಯ ಮೇಲೆ ಇಬ್ಬರನ್ನು ಪೇಟೆಯಿಂದ ದೂರ ಇಟ್ಟಿತು. ಮಧ್ಯಂತರ ಆದೇಶ ಅಂದರೆ ಮೇಲ್ನೋಟಕ್ಕೆ ಕಂಡದ್ದರ ಮೇಲೆ ಕೊಟ್ಟದ್ದು, ಅದು ಕೊನೆಯ ತೀರ್ಮಾನ ಅಲ್ಲ, ನೆನಪಿರಲಿ. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇದರ ಇನ್ನೊಂದು ಭಾಗ.

ಸೆಬಿ ಕಂಪೆನಿಯ ಕಡೆಗೂ ತಿರುಗಿತು. ಯುಪಿಎಸ್‌ಐ ಇದ್ದರೆ ಅದನ್ನು ಯಾರ ಜೊತೆ ಹಂಚಿಕೊಂಡರು ಅಂತ ಹೆಸರು, ಪ್ಯಾನ್ ಸಮೇತ ಡಿಜಿಟಲ್ ದಾಖಲೆ ಇಡಬೇಕು. ವ್ಯಾನ್‌ಗಾರ್ಡ್ ಒಪ್ಪಂದವನ್ನು ಕಂಪೆನಿ ಯುಪಿಎಸ್‌ಐ ಅಂತ ಗುರುತಿಸಿಯೇ ಇರಲಿಲ್ಲ. ಕಾಂಟ್ರಾಕ್ಟ್ ಪಡೆಯುವುದೇ ಐಟಿ ಕಂಪೆನಿಯ ದಿನನಿತ್ಯದ ವ್ಯವಹಾರ ಅಲ್ವಾ ಅನ್ನುವ ನಿಲುವು. ಒಳಗಿನ ನಿಯಂತ್ರಣ ಸಾಕಾಗಲಿಲ್ಲ ಅನ್ನುವುದು ಸೆಬಿಯ ಆರೋಪ. 2024ರ ಜೂನ್‌ನಲ್ಲಿ ಸಿಇಒ ಸಲೀಲ್ ಪಾರೇಖ್ 25 ಲಕ್ಷ ರೂಪಾಯಿ ಕಟ್ಟಿ, ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಇತ್ಯರ್ಥ ಮಾಡಿಕೊಂಡರು. ಅವರು ಷೇರು ವ್ಯವಹಾರ ಮಾಡಿದರು ಅನ್ನುವ ಆರೋಪ ಅಲ್ಲಿ ಇರಲಿಲ್ಲ. ವಿಷಯ ಪೂರ್ತಿ ನಿಂತದ್ದು "ಈ ಮಾಹಿತಿ ಎಂಥದ್ದು" ಅನ್ನುವ ಪ್ರಶ್ನೆಯ ಮೇಲೆ.

5/6

2025ರ ಜೂನ್ 10ರಿಂದ ಯುಪಿಎಸ್‌ಐ ಪಟ್ಟಿ ಉದ್ದ ಆಗಿದೆ. ಅದರಲ್ಲಿ ಒಂದು ಸಾಲು ಹೀಗೆ: ಮಾಮೂಲಿ ವ್ಯವಹಾರದ ಭಾಗ ಅಲ್ಲದ ಆರ್ಡರ್ ಅಥವಾ ಕಾಂಟ್ರಾಕ್ಟ್ ಸಿಗುವುದು, ಇಲ್ಲವೇ ರದ್ದಾಗುವುದು.

ನನ್ನ ತಕರಾರು ಇಲ್ಲೇ. "ಮಾಮೂಲಿ ಅಲ್ಲದ" ಅಂದರೆ ಎಂತ? ರಸ್ತೆ ಮಾಡುವ ಕಂಪೆನಿಗೆ ರಸ್ತೆ ಕಾಂಟ್ರಾಕ್ಟ್ ಮಾಮೂಲಿ, ಐಟಿ ಕಂಪೆನಿಗೆ ಐಟಿ ಕಾಂಟ್ರಾಕ್ಟ್ ಮಾಮೂಲಿ. ಹಾಗೆ ನೋಡಿದರೆ ವ್ಯಾನ್‌ಗಾರ್ಡಿನಷ್ಟು ದೊಡ್ಡದನ್ನೂ ಮಾಮೂಲಿ ಅಂತ ಬದಿಗೆ ಸರಿಸಬಹುದು. ಪೇಟೆಗೆ ಮಾತ್ರ ಕೆಲಸದ ಜಾತಿ ಬೇಕಿಲ್ಲ, ಗಾತ್ರ ಬೇಕು. ವರ್ಷಕ್ಕೆ ನೂರು ಸಣ್ಣ ಕಾಂಟ್ರಾಕ್ಟ್ ಬಂದರೆ ಬೆಲೆ ಅಲುಗದಿರಬಹುದು, ಒಂದು ದೈತ್ಯ ಕಾಂಟ್ರಾಕ್ಟ್ ಬಂದರೆ ಏರ್ತದೆ. ಹಾಗಾಗಿ "ಮಾಮೂಲಿಯಾ" ಅನ್ನುವುದಕ್ಕಿಂತ "ಬೆಲೆ ಅಲುಗಿಸ್ತದಾ" ಅನ್ನುವ ಮೂರನೇ ಪ್ರಶ್ನೆಯೇ ಗೆಲ್ಲಬೇಕು ಅಂತ ನನ್ನ ಅಭಿಪ್ರಾಯ.

ಕಂಪೆನಿಗಳ ವಾದದಲ್ಲೂ ಅರ್ಥ ಉಂಟು, ಒಪ್ತೇನೆ. ಪ್ರತಿ ಕಾಂಟ್ರಾಕ್ಟೂ ಯುಪಿಎಸ್‌ಐ ಅಂದರೆ ಅದರಲ್ಲಿ ಕೆಲಸ ಮಾಡುವ ಸಾವಿರಾರು ಮಂದಿ ವರ್ಷವಿಡೀ ತಮ್ಮ ಕಂಪೆನಿಯ ಷೇರು ಮುಟ್ಟುವ ಹಾಗಿಲ್ಲ. ಅದು ನ್ಯಾಯ ಅಲ್ಲ. ಆದರೆ ಆ ಪಟ್ಟಿ ಬರೀ ಉದಾಹರಣೆಗಳ ಪಟ್ಟಿ, ಅದರಲ್ಲಿ ಇಲ್ಲ ಅಂದಮಾತ್ರಕ್ಕೆ ಬಚಾವ್ ಅಂತಲ್ಲ. ಮೂಲ ವ್ಯಾಖ್ಯೆ ಈಗಲೂ ಆ ಮೂರು ಪ್ರಶ್ನೆಗಳೇ. ಕಂಪೆನಿ "ಇದು ಯುಪಿಎಸ್‌ಐ ಅಲ್ಲ" ಅಂತ ಅಂದುಕೊಂಡಿದ್ದರೂ ನಾಳೆ ಸೆಬಿ "ಹೌದು" ಅನ್ನಬಹುದು, ವ್ಯಾನ್‌ಗಾರ್ಡ್ ವಿಷಯದಲ್ಲಿ ಆದದ್ದೇ ಅದು.

6/6

ಈಗ ನಮ್ಮ ಕ್ಲಾಸಿನ ಹತ್ತು ಷೇರಿಗೆ ಬರುವ. ಒಂದು ಷೇರಿಗೆ 1,500 ರೂಪಾಯಿ ಅಂದುಕೊಳ್ಳಿ, ಹತ್ತಕ್ಕೆ 15,000. ಡೀಲ್ ಪ್ರಕಟ ಆಗಿ ಒಂದೊಂದು 100 ರೂಪಾಯಿ ಏರಿತು. ನಿಮ್ಮ ಲಾಭ 1,000 ರೂಪಾಯಿ. ಸೆಬಿ ಕಾಯ್ದೆಯ 15ಜಿ ಸೆಕ್ಷನ್ ಪ್ರಕಾರ ಇನ್‌ಸೈಡರ್ ಟ್ರೇಡಿಂಗಿಗೆ ಕನಿಷ್ಠ ದಂಡ 10 ಲಕ್ಷ. ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಕನಿಷ್ಠ ದಂಡಕ್ಕೂ ನಿಮ್ಮ ಲಾಭದ ಮೊತ್ತಕ್ಕೂ ಸಂಬಂಧ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಅಣ್ಣನದ್ದು. ಅವನು ಒಂದೂ ಷೇರು ತಗೊಳ್ಳಲಿಲ್ಲ, ತಮ್ಮನ ಮೇಲಿನ ಪ್ರೀತಿಗೆ ಹೇಳಿದ್ದು ಅಷ್ಟೇ. ಆದರೆ ಕೆಲಸದ ಅಗತ್ಯ ಇಲ್ಲದೆ ಇಂಥ ಮಾಹಿತಿ ಕೊಡುವುದೇ ತಪ್ಪು, ಕೇಳಿ ಪಡೆಯುವುದೂ ತಪ್ಪು. ಯಾರ ಖಾತೆಯಲ್ಲಿ ಯಾವ ದಿನ ಖರೀದಿ ಆಯಿತು, ಅದಕ್ಕೆ ಮೊದಲು ಯಾರ ಫೋನ್ ಬಂತು, ಇಬ್ಬರೂ ಸಂಬಂಧಿಕರಾ ಅಂತೆಲ್ಲ ಸೆಬಿ ಜೋಡಿಸಿ ನೋಡ್ತದೆ. ಮನೆಯವರು ತೋಟದ ದುಡ್ಡಲ್ಲಿ ಓದಿಸಿ, ಅಣ್ಣ ಕಷ್ಟಪಟ್ಟು ಹಿಡಿದ ಕೆಲಸ, ತಮ್ಮನ ಸಾವಿರ ರೂಪಾಯಿಗೆ ಹೋಗುವುದು ಬೇಡ.

ಹಾಗಾಗಿ ನಾನು ಮನೆಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಬೆಂಗಳೂರಿನಿಂದ ಬಂದವರ ಹತ್ತಿರ ಆಫೀಸ್ ಹೇಗುಂಟು ಅಂತ ಕೇಳ್ತೇನೆ, ಆಫೀಸಿನಲ್ಲಿ ಮುಂದೆ ಎಂತ ಉಂಟು ಅಂತ ಕೇಳುವುದಿಲ್ಲ. ಬಾಯಿತಪ್ಪಿ ಹೇಳಿದರೆ ಆ ಕಂಪೆನಿಯ ಷೇರು ತಗೊಳ್ಳುವುದಿಲ್ಲ, ಇದ್ದದ್ದನ್ನು ಮಾರುವುದೂ ಇಲ್ಲ, ಯಾರಿಗೂ ಫಾರ್ವರ್ಡ್ ಮಾಡುವುದಿಲ್ಲ. ವಿನಿಮಯ ಕೇಂದ್ರದ ವೆಬ್‌ಸೈಟಲ್ಲಿ ಪ್ರಕಟಣೆ ಬರಲಿ, ಆಮೇಲೆ ನೋಡುವ.

ಕ್ಲಾಸ್ ಗ್ರೂಪಿನಲ್ಲಿ "ಪಕ್ಕಾ ಸುದ್ದಿ" ಅಂತ ಹಾಕುವವರಿಗೆ ಒಂದೇ ಪ್ರಶ್ನೆ: ಪಕ್ಕಾ ಅಲ್ಲದಿದ್ದರೆ ನಾವು ಯಾಕೆ ದುಡ್ಡು ಹಾಕಬೇಕು? ಪಕ್ಕಾ ಆಗಿದ್ದರೆ ನಿನಗೆ ಹೇಗೆ ಗೊತ್ತಾಯಿತು?