ಒಡಹುಟ್ಟಿದವರ ಸಾಲಕ್ಕೆ ಎರಡು ಪುಟ

ಊರಿನ ಮನೆಯ ದುರಸ್ತಿಗೆಂದು ಅಕ್ಕ ಕೊಟ್ಟ 6 ಲಕ್ಷ ರೂಪಾಯಿಯನ್ನು ತಮ್ಮಂದಿರಿಬ್ಬರು ತೀರಿಸಬೇಕಾದಾಗ ಲೆಕ್ಕವು ಒಂದೇ ಪುಟದಲ್ಲಿರಕೂಡದೆಂಬುದು ನನ್ನ ಅಭಿಪ್ರಾಯ. ತಲಾ 3 ಲಕ್ಷಕ್ಕೆ ಬೇರೆ ಬೇರೆ ಪುಟವಿರಲಿ. ಇಲ್ಲವಾದರೆ ಬೇಗ ಕೊಟ್ಟವನ ಹಣವು ತಡಮಾಡಿದವನ ಬಡ್ಡಿಯನ್ನು ಇಳಿಸುತ್ತದೆ.

ಬಡ್ಡಿ ವರ್ಷಕ್ಕೆ ಶೇ 6 ಎನ್ನಿ. ಕಿರಿಯವನು 73ನೆಯ ದಿನ 1 ಲಕ್ಷ ಕಳುಹಿಸಿದನು. 73 ದಿನವೆಂದರೆ ವರ್ಷದ ಐದನೆಯ ಒಂದು ಭಾಗ. ಬಡ್ಡಿ 3,600 ರೂಪಾಯಿ. ಅದನ್ನು ಮೊದಲು ಕಳೆದು, ಉಳಿದ 96,400 ರೂಪಾಯಿಯನ್ನು ಅಸಲಿಗೆ ಜಮೆ ಮಾಡಬೇಕು. ಮುಂದಿನ ಬಡ್ಡಿ 2,03,600ಕ್ಕೆ ಮಾತ್ರ. ವರ್ಷದ ಕೊನೆಗೆ ಪೂರ್ತಿ 3 ಲಕ್ಷಕ್ಕೆ ಬಡ್ಡಿ ಹಾಕುವ ರೂಢಿ (ನಮ್ಮ ಮನೆಯಲ್ಲೂ ಇತ್ತು) ಅನ್ಯಾಯವೇ ಸರಿ.

ಅದೇ ದಿನ ಹಿರಿಯವನು 2,000 ಮಾತ್ರ ಕೊಟ್ಟರೆ, ಬಡ್ಡಿಯ ಬಾಕಿ 1,600 ಪ್ರತ್ಯೇಕವಾಗಿರಲಿ. ಅಸಲಿಗೆ ಸೇರಿಸಿದರೆ ಅದು ಚಕ್ರಬಡ್ಡಿ. ವಿದೇಶದಿಂದ ಕಳುಹಿಸುವ ನಾವು, ಅಕ್ಕನ ಖಾತೆಗೆ ಹಣ ತಲುಪಿದ ದಿನವನ್ನೂ ತಲುಪಿದ ರೂಪಾಯಿಯನ್ನೂ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.