ಕ್ಯೂಆರ್ ಕೋಡ್ ಕಿತ್ತು ಹಾಕಿದರೆ ತೆರಿಗೆ ತಪ್ಪುತ್ತದೆಯೇ?

2025ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿದ್ದು ನಿಮಗೆ ನೆನಪಿರಬಹುದು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಆಗ ನಮ್ಮೂರ ಕಟ್ಟೆಯಲ್ಲೂ ಎರಡು ಮಾತು ಕೇಳಿದೆವು. ‘ಇವರೆಲ್ಲ ತೆರಿಗೆಗಳ್ಳರು’ ಎಂದರು ಸಂಬಳದವರು. ‘ಬಡವರ ಹೊಟ್ಟೆ ಮೇಲೆ ಹೊಡೆಯುತ್ತಾರೆ’ ಎಂದರು ಅಂಗಡಿಯವರು. ನಮಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ.

ಮೊದಲು ಸಂಬಳದವರ ಮಾತು. ಮೇಷ್ಟ್ರು ತೆರಿಗೆ ಕಟ್ಟುತ್ತಾರೆ ನಿಜ. ಆದರೆ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗಿರುತ್ತದೆ, ಮುಚ್ಚಿಡಲು ದಾರಿಯೇ ಇಲ್ಲ. ಡೆನ್ಮಾರ್ಕ್‌ನಲ್ಲಿ ಸುಮಾರು 40 ಸಾವಿರ ತೆರಿಗೆದಾರರನ್ನು ಆಯ್ದು ಲೆಕ್ಕ ತಪಾಸಣೆಯ ಪ್ರಯೋಗ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಮಾಲೀಕರು, ಬ್ಯಾಂಕುಗಳು ಸರ್ಕಾರಕ್ಕೆ ತಿಳಿಸುವ ಆದಾಯದಲ್ಲಿ ಕಳ್ಳತನ ಇಲ್ಲವೆನ್ನುವಷ್ಟು ಕಡಿಮೆ. ತಾವೇ ಬರೆದುಕೊಡುವ ಆದಾಯದಲ್ಲಿ ಗಣನೀಯ. ಜನರ ಗುಣಕ್ಕಿಂತ ಹಣ ಬರುವ ದಾರಿಯೇ ದೊಡ್ಡ ಕಾರಣ. ಯುಪಿಐ ಬಂದ ಮೇಲೆ ಅಂಗಡಿಯವರ ಹಣವೂ ಮೇಷ್ಟ್ರ ಸಂಬಳದಂತೆ ಕಾಣತೊಡಗಿತು, ಅಷ್ಟೇ.

ಆದರೆ ಕಂಡದ್ದೆಲ್ಲ ತೆರಿಗೆಯ ಲೆಕ್ಕವಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ತೆರಿಗೆಯ ನೋಟಿಸ್ ಬಂದದ್ದು ಸುದ್ದಿಯಾಯಿತು. ಭಾಗಿಸಿ ನೋಡಿ, ಅದು ಹೆಚ್ಚುಕಡಿಮೆ ಶೇ 18. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಯುಪಿಐ ಮೊತ್ತ ತೋರಿಸುತ್ತದೆ, ಮಾರಿದ್ದು ಟೊಮೆಟೊವೋ ಟಿವಿಯೋ ಹೇಳುವುದಿಲ್ಲ. ತಮ್ಮ ವಾಪಸ್ ಕೊಟ್ಟ ಕೈಗಡವೂ ಅದೇ ಖಾತೆಗೆ ಬಂದಿರುತ್ತದೆ.

ಈಗ ಅಂಗಡಿಯವರ ಕಡೆ ಬರೋಣ. ಒಂದು ಕಿರಾಣಿ ಅಂಗಡಿ ಇದೆ ಅಂದುಕೊಳ್ಳಿ. ವರ್ಷಕ್ಕೆ 50 ಲಕ್ಷ ವ್ಯಾಪಾರ. ಅದರಲ್ಲಿ 10 ಲಕ್ಷ ಹಾಲು, ತರಕಾರಿ. ಉಳಿದ 40 ಲಕ್ಷ ಸೋಪು, ಬಿಸ್ಕತ್ತು, ಎಣ್ಣೆ. ನೂರಕ್ಕೆ ಎಂಟು ಉಳಿದರೆ ವರ್ಷದ ಲಾಭ 4 ಲಕ್ಷ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. 1.5 ಕೋಟಿವರೆಗೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್, ಪದ್ಧತಿ ಆರಿಸಿಕೊಳ್ಳಬಹುದು. ಅದರಲ್ಲಿ ತೆರಿಗೆ ಇರುವ ಸರಕಿನ ಮೇಲೆ ಶೇ 1, ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಈ ಅಂಗಡಿಗೆ ವರ್ಷಕ್ಕೆ 40 ಸಾವಿರ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ.

ಮುಚ್ಚಿಟ್ಟು ಸಿಕ್ಕಿಬಿದ್ದರೆ? ಖರೀದಿ ಬಿಲ್ಲೂ ಇಲ್ಲದೆ 40 ಲಕ್ಷಕ್ಕೆ ಶೇ 5 ಹಾಕಿದರೆ 2 ಲಕ್ಷ. ವರ್ಷದ ಲಾಭದಲ್ಲಿ ಅರ್ಧ ಹೋಯಿತು, ದಂಡ ಬಡ್ಡಿ ಬೇರೆ.

ಹಾಗಾದರೆ ಜನ ಯಾಕೆ ಕಟ್ಟುವುದಿಲ್ಲ? 40 ಸಾವಿರ ಅಂದರೆ ಲಾಭದ ಹತ್ತನೇ ಒಂದು ಭಾಗ. ಪಕ್ಕದ ಅಂಗಡಿಯವನು ಕಟ್ಟದಿದ್ದರೆ ಅಷ್ಟು ಅಗ್ಗಕ್ಕೆ ಮಾರಿ ಗಿರಾಕಿ ಎಳೆಯುತ್ತಾನೆ. ‘ಎಲ್ಲರೂ ಕಟ್ಟಿದರೆ ನಾನೂ ಕಟ್ಟುತ್ತೇನೆ’ ಅನ್ನುವವರೇ ಹೆಚ್ಚು. ಜೊತೆಗೆ, ನೋಂದಣಿ ಇಲ್ಲದ ಅಂಗಡಿಯೂ ಸೋಪು ತರುವಾಗ ಖರೀದಿ ಬೆಲೆಯಲ್ಲೇ ಜಿಎಸ್‌ಟಿ ಕೊಟ್ಟಿರುತ್ತದೆ. ಆದ್ದರಿಂದ ‘ಏನೂ ಕಟ್ಟದವರು’ ಎಂಬ ಬೈಗುಳ ಅವರಿಗೆ ನಾಟುವುದು ಸಹಜ.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ನೋಟಿಸ್ ಬಂದವರು ಉಸಿರು ಬಿಟ್ಟರು. ಮೊದಲಿನಿಂದ ಶೇ 1 ಕಟ್ಟುತ್ತಿದ್ದ ಅಂಗಡಿಯವರಿಗೆ ಹೇಗನ್ನಿಸಿರಬೇಕು? ಕಟ್ಟಿದವನೇ ಪೆದ್ದ ಅನ್ನಿಸಿದ ದಿನ ತೆರಿಗೆಯ ಮೇಲಿನ ನಂಬಿಕೆ ಸಾಯುತ್ತದೆ. ಮನ್ನಾ ಒಮ್ಮೆ ಸರಿ, ಅಭ್ಯಾಸವಾಗಬಾರದು.

ನಾವು ಹೇಳುವುದು ಇಷ್ಟು. ಇಲಾಖೆಗೆ ಯುಪಿಐ ಲೆಕ್ಕ ಸಿಗುವುದಾದರೆ ವಹಿವಾಟು 30 ಲಕ್ಷ ದಾಟಿದಾಗಲೇ ಕನ್ನಡದಲ್ಲಿ ಒಂದು ಸಂದೇಶ ಕಳಿಸಲಿ. ನಾಲ್ಕು ವರ್ಷ ಸುಮ್ಮನಿದ್ದು ಒಟ್ಟಿಗೆ ಲಕ್ಷಗಟ್ಟಲೆ ಕೇಳುವುದು ಬೇಡ. ಅಂಗಡಿಯವರೇ, ವ್ಯಾಪಾರಕ್ಕೆ ಬೇರೆ ಖಾತೆ ಇಡಿ, ಖರೀದಿ ಬಿಲ್ಲುಗಳನ್ನು ಎಸೆಯಬೇಡಿ. ಹಾಲು ತರಕಾರಿಯ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ನೋಟಿಸ್ ಬಂದರೆ ನಿಮ್ಮ ಪರ ಮಾತಾಡುವುದು ಆ ಪುಸ್ತಕವೇ. ಕ್ಯೂಆರ್ ಕೋಡ್ ಕಿತ್ತು ಹಾಕಿದರೆ ನಾಳಿನ ಲೆಕ್ಕ ಮರೆಯಾಗಬಹುದು, ನಿನ್ನೆಯದು ಬ್ಯಾಂಕಿನಲ್ಲಿ ಹಾಗೆಯೇ ಇರುತ್ತದೆ.