ರಾಗಿ ಕಾಳಾಗಿರಲಿ, ಹಿಟ್ಟು ಹದಿನೈದು ದಿನಕ್ಕಿರಲಿ

ಬಂಗಾರಪೇಟೆ, ಕೆಜಿಎಫ್‌ಗಳಿಂದ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ಮನೆಗಳಲ್ಲಿ, ಬಿಡುವಿಲ್ಲದ ಕಾರಣ, ತಿಂಗಳ ರಾಗಿಯನ್ನೆಲ್ಲ ಒಂದೇ ಭಾನುವಾರ ಬೀಸಿಸಿ ಇಡುವುದುಂಟು. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಚೆನ್ನಾಗಿ ಒಣಗಿದ ರಾಗಿಕಾಳು ವರ್ಷಗಟ್ಟಲೆ ಕೆಡದು. ಬೀಸಿದೊಡನೆ ಅದರೊಳಗಿನ ಜಿಡ್ಡಿಗೆ ಗಾಳಿ ತಗುಲಿ, ಕೆಲವು ವಾರಗಳಲ್ಲಿ ಹಿಟ್ಟು ಕಹಿಯಾಗತೊಡಗುತ್ತದೆ.

ನಾಲ್ವರ ಮನೆಯಲ್ಲಿ ಒಂದು ಹೊತ್ತಿನ ಮುದ್ದೆಗೆ 400 ಗ್ರಾಂ ಹಿಟ್ಟು ಬೇಕೆಂದುಕೊಂಡರೆ, 15 ದಿನಕ್ಕೆ 6 ಕಿಲೋ ಸಾಕು. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹರಡಿ ಆರಿಸಿಯೇ ಡಬ್ಬಿಗೆ ತುಂಬಬೇಕು. ಇಲ್ಲವಾದರೆ ಮುಚ್ಚಳ ಬೆವರಿ ಹಿಟ್ಟು ಗಂಟುಕಟ್ಟುತ್ತದೆ. ಹಳೆಯದರ ಮೇಲೆಯೇ ಹೊಸದನ್ನು ಸುರಿದರೆ ತಳದ ಹುಳು ಹೊಸ ಹಿಟ್ಟಿಗೂ ಹತ್ತುತ್ತದೆ. ಡಬ್ಬಿ ಬರಿದಾದ ಮೇಲೆ ತೊಳೆದು, ಒಣಗಿಸಿ ತುಂಬಿರಿ. ಬೀಸಿಸಿದ ದಿನಾಂಕವನ್ನು ಬರೆದು ಅಂಟಿಸಿರಿ. ಬಲೆಯಂಥ ಎಳೆಯಾಗಲಿ ಮುಗ್ಗುವಾಸನೆಯಾಗಲಿ ಕಂಡುಬಂದ ಹಿಟ್ಟನ್ನು ಜರಡಿ ಹಿಡಿದು ಉಳಿಸಿಕೊಳ್ಳಬಾರದು.